ಬಾಲ ಬಿಚ್ಚುವ ಕ್ರಿಯಾಪದಗಳು: ಗಿವ್ ಅಪ್, ಪುಟ್ ಆಫ್, ಲುಕ್ ಇನ್‌ಟು

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಕಂಪನಿಗೆ ಅರ್ಜಿ ಹಾಕಿದ್ದ. ಸೋಮವಾರ ಇಂಟರ್‌ವ್ಯೂ. ಭಾನುವಾರ ಸಂಜೆ ಫೋನಿನಲ್ಲಿ ಮೇಲ್ ಬಂದ ಸದ್ದಾಯಿತು. ಪರದೆಯ ಮೇಲೆ ಮೊದಲ ಸಾಲು ಮಾತ್ರ ಕಂಡಿತು: ‘ಯುವರ್ ಇಂಟರ್‌ವ್ಯೂ ಹ್ಯಾಸ್ ಬೀನ್ ಪುಟ್ ಆಫ್.’ ಅವನು ಓದಿದ, ಮುಖ ಸಪ್ಪೆ ಮಾಡಿಕೊಂಡ, ಫೋನು ಮಗುಚಿಟ್ಟ. ಆಫ್ ಅಂದರೆ ಬಂದ್. ಲೈಟ್ ಆಫ್, ಫ್ಯಾನ್ ಆಫ್, ಈಗ ಇಂಟರ್‌ವ್ಯೂ ಆಫ್. ಮೇಲ್ ತೆರೆದು ನೋಡಿದ್ದು ಮುಂದಿನ ಶನಿವಾರ. ಅದರಲ್ಲಿ ಎರಡನೇ ಸಾಲೂ ಇತ್ತು. ಶುಕ್ರವಾರ ಹತ್ತೂವರೆಗೆ ಬನ್ನಿ ಅಂತ.

ಹುಡುಗ ದಡ್ಡನಲ್ಲ. ಪೋಸ್ಟ್‌ಪೋನ್ ಅಂತ ಬರೆದಿದ್ದರೆ ಅವನಿಗೆ ತಟ್ಟನೆ ಗೊತ್ತಾಗುತ್ತಿತ್ತು. ಪುಟ್ ಗೊತ್ತು, ಒಂದನೇ ಕ್ಲಾಸಿನಿಂದ ಗೊತ್ತು. ಆಫ್ ಕೂಡ ಗೊತ್ತು. ಎರಡೂ ಗೊತ್ತಿದ್ದೂ ಎರಡು ಸೇರಿದಾಗ ಗೊತ್ತಾಗಲಿಲ್ಲ. ಇವತ್ತು ನಾನು ಮಾತಾಡಬೇಕಿರುವುದು ಇದರ ಬಗ್ಗೆಯೇ.

ಇಂಗ್ಲಿಷಿನಲ್ಲಿ ಇಂಥವನ್ನು ಫ್ರೇಸಲ್ ವರ್ಬ್ ಅನ್ನುತ್ತಾರೆ. ಒಂದು ಸಾದಾ ಕ್ರಿಯಾಪದ, ಅದರ ಹಿಂದೆ ಅಪ್, ಆಫ್, ಇನ್, ಔಟ್, ಇನ್‌ಟು ಥರದ ಒಂದು ಚಿಕ್ಕ ಪದ. ಆ ಚಿಕ್ಕ ಪದಕ್ಕೆ ವ್ಯಾಕರಣದವರು ಪಾರ್ಟಿಕಲ್ ಅನ್ನುತ್ತಾರೆ. ನಾನು ಕ್ಲಾಸಿನಲ್ಲಿ ಬಾಲ ಅಂತಲೇ ಕರೆಯುತ್ತೇನೆ. ನೋಡೋದಕ್ಕೆ ಪುಟ್ಟದು, ಆದರೆ ಯಾವಾಗ ಬಾಲ ಬಿಚ್ಚುತ್ತದೋ ಹೇಳೋಕಾಗಲ್ಲ.

ಇಂಗ್ಲಿಷನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಮ್ಮ ಮನೆಯ ‘ನೋಡು’ ತಗೊಳ್ಳಿ. ‘ಮಗೂನ ನೋಡು’ ಅಂದರೆ ಕಣ್ಣು ಅತ್ತ ಹಾಕು ಅಂತ. ‘ಮಗೂನ ನೋಡ್ಕೊ’ ಅಂದರೆ? ಊಟ ಮಾಡಿಸು, ಬೀಳದ ಹಾಗೆ ಕಾಯಿ, ಅತ್ತರೆ ಎತ್ತಿಕೊ. ಬರೀ ‘ಕೊ’ ಸೇರಿದ್ದಕ್ಕೆ ಒಂದು ಮಧ್ಯಾಹ್ನದ ಕೆಲಸ ತಲೆ ಮೇಲೆ ಬಂತು. ಇದೇ ನೋಡ್ಕೊ ಇನ್ನೊಂದು ಕಡೆ ಹೇಗೆ ತಿರುಗುತ್ತದೆ ನೋಡಿ. ‘ನೀನೇನೂ ಯೋಚನೆ ಮಾಡಬೇಡ, ನಿನ್ನನ್ನ ನಾನು ನೋಡ್ಕೋತೀನಿ’ ಅಂತ ಅಣ್ಣ ಅಂದರೆ ಧೈರ್ಯ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಜಗಳವಾಡಿದವನು ‘ನಿನ್ನನ್ನ ಆಮೇಲೆ ನೋಡ್ಕೋತೀನಿ’ ಅಂದರೆ ಮನೆಗೆ ಬೇರೆ ದಾರಿಯಲ್ಲಿ ಹೋಗಬೇಕು.

‘ಹೇಳು’ ಕೂಡ ಹಾಗೇ. ಹೇಳಿಕೊಡು ಅಂದರೆ ಕಲಿಸು. ಹೇಳಿಕೊ ಅಂದರೆ ನಿನ್ನ ಕಷ್ಟವನ್ನು ಯಾರ ಹತ್ತಿರವಾದರೂ ತೋಡಿಕೊ. ಹೇಳಿಕಳಿಸು ಅಂದರೆ ಬೇರೆಯವರ ಕೈಲಿ ಸುದ್ದಿ ಮುಟ್ಟಿಸು. ಕೊಡು, ಕೊಳ್ಳು, ಕಳಿಸು ಇವೆಲ್ಲ ಒಂಟಿಯಾಗಿದ್ದಾಗ ಒಂದು ಅರ್ಥ, ಹೇಳುವಿನ ಹಿಂದೆ ನಿಂತಾಗ ಇನ್ನೊಂದು. ಇದನ್ನು ನಮಗೆ ಯಾರೂ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಲಿಲ್ಲ. ಅಮ್ಮ ಹೇಳುವುದನ್ನು ಕೇಳುತ್ತಾ ಕೇಳುತ್ತಾ ಬಂತು, ಅಷ್ಟೇ.

ಅಂದರೆ ಲುಕ್ ಒಂದಕ್ಕೆ ಹತ್ತು ಅರ್ಥ ಯಾಕೆ ಅಂತ ನಾವು ಇಂಗ್ಲಿಷಿನವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಲುಕ್ ಆಫ್ಟರ್ ಅಂದರೆ ನಮ್ಮ ನೋಡ್ಕೊ. ಪುಟ್ ಅಪ್ ವಿತ್ ಅಂದರೆ ಸಹಿಸಿಕೊ. ನಾವು ಹಿಂದೆ ಇನ್ನೊಂದು ಕ್ರಿಯಾಪದ ನಿಲ್ಲಿಸುತ್ತೇವೆ. ಅವರು ಮೇಲೆ, ಕೆಳಗೆ, ಒಳಗೆ, ಹೊರಗೆ ಅನ್ನುವ ದಿಕ್ಕಿನ ಪದ ನಿಲ್ಲಿಸುತ್ತಾರೆ. ನಮ್ಮ ಹುಡುಗರು ಎಡವುವುದೂ ಇಲ್ಲೇ. ದಿಕ್ಕಿನ ಪದ ಕಂಡ ಕೂಡಲೇ ದಿಕ್ಕನ್ನೇ ಹುಡುಕುತ್ತಾರೆ. ಗಿವ್ ಅಪ್‌ನಲ್ಲಿ ‘ಮೇಲೆ’ ಎಲ್ಲಿದೆ ಸಾರ್ ಅಂತ ಕೇಳುತ್ತಾರೆ.

ಒಳ್ಳೆಯ ಪ್ರಶ್ನೆ. ಇದಕ್ಕೆ ‘ಸುಮ್ನೆ ಹಾಗೇ ಇದೆ, ಬಾಯಿಪಾಠ ಮಾಡು’ ಅಂತ ಉತ್ತರ ಕೊಡುವ ಮೇಷ್ಟ್ರುಗಳಿದ್ದಾರೆ. ನಾನೂ ಬಹಳ ವರ್ಷ ಹಾಗೇ ಹೇಳಿದೆ. ಆದರೆ ಅಪ್ ಅನ್ನೋದು ಅಷ್ಟೊಂದು ಗುಟ್ಟಿನ ಪದವೇನಲ್ಲ.

ಒಂದು ಬಿಂದಿಗೆ ನಲ್ಲಿ ಕೆಳಗಿದೆ ಅಂದುಕೊಳ್ಳಿ. ನೀರು ಬೀಳುತ್ತಾ ಬೀಳುತ್ತಾ ಮಟ್ಟ ಮೇಲಕ್ಕೆ ಬರುತ್ತದೆ. ಕಂಠಕ್ಕೆ ಬಂತು ಅಂದರೆ ತುಂಬಿತು, ಕೆಲಸ ಮುಗಿಯಿತು. ಮೇಲೆ ಬರುವುದೂ ಮುಗಿಯುವುದೂ ಕಣ್ಣೆದುರು ಒಟ್ಟಿಗೇ ನಡೆಯುತ್ತವೆ. ಅದಕ್ಕೇ ಫಿಲ್ ಅಪ್ ಅಂದರೆ ಪೂರ್ತಿ ತುಂಬಿಸು. ಅಲ್ಲಿಂದ ಆ ‘ಪೂರ್ತಿ’ ಮಾತ್ರ ಉಳಿದುಕೊಂಡು, ‘ಮೇಲೆ’ ಕಳಚಿಹೋಯಿತು ಅಂತ ಅಂದುಕೊಂಡರೆ ಮುಂದಿನದು ಸಲೀಸು. ಈಟ್ ಅಂದರೆ ತಿನ್ನು, ಈಟ್ ಅಪ್ ಅಂದರೆ ತಟ್ಟೆ ಖಾಲಿ ಮಾಡು. ಯೂಸ್ ಅಂದರೆ ಬಳಸು, ಯೂಸ್ ಅಪ್ ಅಂದರೆ ಬಳಸಿ ಮುಗಿಸು. ಡ್ರೈ ಅಪ್ ಅಂದರೆ ಕೆರೆ ಪೂರ್ತಿ ಬತ್ತಿಹೋಗುವುದು. ಇಲ್ಲಿ ನೀರು ಕೆಳಕ್ಕೆ ಹೋಗುತ್ತಿದೆ, ಆದರೂ ಅಪ್! ದಿಕ್ಕು ಕಳಚಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈ ‘ಪೂರ್ತಿ’ಯನ್ನು ನಾವು ಯಾವುದರಿಂದ ಹೇಳುತ್ತೇವೆ? ಬಿಡು, ಹಾಕು ಇವುಗಳಿಂದ. ‘ಹತ್ತು ನಿಮಿಷ ದೋಸೆ ತಿಂದ’ ಅಂದರೆ ಇನ್ನೂ ತಟ್ಟೆಯಲ್ಲಿ ಉಳಿದಿರಬಹುದು. ‘ಹತ್ತು ನಿಮಿಷದಲ್ಲಿ ದೋಸೆ ತಿಂದುಬಿಟ್ಟ’ ಅಂದರೆ ಚಟ್ನಿ ಸಮೇತ ಖಾಲಿ. ಇಂಗ್ಲಿಷಿನಲ್ಲೂ ಸರಿಯಾಗಿ ಹೀಗೇ ಇದೆ. ಬರೀ ಏಟ್ ಇದ್ದರೆ ‘ಫಾರ್ ಟೆನ್ ಮಿನಿಟ್ಸ್’ ಒಪ್ಪುತ್ತದೆ. ಏಟ್ ಅಪ್ ಅಂದರೆ ‘ಇನ್ ಟೆನ್ ಮಿನಿಟ್ಸ್’ ಅನ್ನಲೇಬೇಕು. ‘ನಿಮಿಷ’ ಮತ್ತು ‘ನಿಮಿಷದಲ್ಲಿ’ ನಡುವಿನ ವ್ಯತ್ಯಾಸವೇ ಅವರ ಫಾರ್ ಮತ್ತು ಇನ್ ನಡುವೆಯೂ ಇದೆ. ನಾನಿದನ್ನು ಗಮನಿಸಿದ ದಿನ ನನಗೇ ಖುಷಿಯಾಗಿ, ಸ್ಟಾಫ್ ರೂಮಿನಲ್ಲಿ ಸಿಕ್ಕಸಿಕ್ಕವರಿಗೆ ಹೇಳಿದೆ. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ, ಅದು ಬೇರೆ ವಿಷಯ.

ಈಗ ಗಿವ್ ಅಪ್‌ಗೆ ಬರೋಣ. ಗಿವ್ ಅಂದರೆ ಕೊಡು. ಅಪ್ ಅಂದರೆ ಪೂರ್ತಿ, ಮತ್ತೆ ವಾಪಸ್ ಕೇಳದ ಹಾಗೆ. ಪೂರ್ತಿ ಕೊಟ್ಟುಬಿಡು. ಸೋತ ಕೋಟೆಯವರು ಬೀಗದ ಕೈ ಗೆದ್ದವರ ಕೈಗಿಡುವುದನ್ನು ನೆನಪಿಸಿಕೊಳ್ಳಿ. ಇದಕ್ಕೆ ಕನ್ನಡದಲ್ಲಿ ಸರಿಯಾದ ಜೋಡಿ ಇದೆ, ಅದೂ ಕೊಡು ಇಟ್ಟುಕೊಂಡೇ: ಬಿಟ್ಟುಕೊಡು. ಬಸ್ಸಿನಲ್ಲಿ ಅಜ್ಜಿಗೆ ಸೀಟು ಬಿಟ್ಟುಕೊಟ್ಟ ಅಂದರೆ ಇಂಗ್ಲಿಷಿನಲ್ಲಿ ‘ಹೀ ಗೇವ್ ಅಪ್ ಹಿಸ್ ಸೀಟ್’. ಹಕ್ಕು ಬಿಟ್ಟುಕೊಟ್ಟರೂ ಗಿವ್ ಅಪ್. ‘ಪೊಲೀಸರು ಎಷ್ಟು ಕೇಳಿದರೂ ಗೆಳೆಯನನ್ನು ಬಿಟ್ಟುಕೊಡಲಿಲ್ಲ’ ಅನ್ನುತ್ತೀವಲ್ಲ, ಅಲ್ಲಿಯೂ ಗಿವ್ ಅಪ್ ನಡೆಯುತ್ತದೆ. ಎರಡು ಭಾಷೆ ಇಷ್ಟು ದೂರ ಕೈಹಿಡಿದು ನಡೆಯುವುದು ಅಪರೂಪ.

ಆಮೇಲೆ ದಾರಿ ಬೇರೆಯಾಗುತ್ತದೆ. ಸಿಗರೇಟು ಬಿಟ್ಟ ಅನ್ನುವುದಕ್ಕೂ ಅವರು ಗಿವ್ ಅಪ್ ಅನ್ನುತ್ತಾರೆ. ನಾವು ಬರೀ ‘ಬಿಟ್ಟ’ ಅಂತೀವಿ. ಒಗಟು ಬಿಡಿಸೋಕಾಗದೆ ‘ಐ ಗಿವ್ ಅಪ್’ ಅಂದರೆ ನಮ್ಮಲ್ಲಿ ‘ನಾನು ಸೋತೆ, ನೀನೇ ಹೇಳು’. ಡಾಕ್ಟರು ಕೈಚೆಲ್ಲಿದರು ಅನ್ನುವ ಕಡೆ ಅವರು ಇನ್ನೊಂದು ಬಾಲ ಸೇರಿಸಿ ಗಿವ್ ಅಪ್ ಆನ್ ಅನ್ನುತ್ತಾರೆ. ವಿದ್ಯಾರ್ಥಿ ಓದುವುದನ್ನು ಬಿಟ್ಟರೆ ಗಿವ್ ಅಪ್, ವಿದ್ಯಾರ್ಥಿಯ ಮೇಲಿನ ಆಸೆಯನ್ನು ಮೇಷ್ಟ್ರು ಬಿಟ್ಟರೆ ಗಿವ್ ಅಪ್ ಆನ್.

ಇಲ್ಲಿ ಒಂದು ತಪ್ಪು ಬಹಳ ನೋಡುತ್ತೇನೆ. ‘ಹೀ ಗೇವ್ ಅಪ್ ಟು ಸ್ಮೋಕ್’ ಅಂತ ಬರೆಯುತ್ತಾರೆ. ಅದು ‘ಗೇವ್ ಅಪ್ ಸ್ಮೋಕಿಂಗ್’ ಆಗಬೇಕು. ಪುಟ್ ಆಫ್‌ಗೂ ಅಷ್ಟೇ, ‘ಪುಟ್ ಆಫ್ ಗೋಯಿಂಗ್’ ಸರಿ, ‘ಪುಟ್ ಆಫ್ ಟು ಗೋ’ ತಪ್ಪು. ನಿಯಮ ನೆನಪಿಟ್ಟುಕೊಳ್ಳಬೇಡಿ. ಕನ್ನಡದಲ್ಲಿ ಹೇಳಿ ನೋಡಿ: ಸೇದುವುದನ್ನು ಬಿಟ್ಟ, ಹೋಗುವುದನ್ನು ಮುಂದೂಡಿದ. ಈ ಎರಡು ಕಡೆ ‘ವುದನ್ನು’ ಬಂದಿದೆ ಅಲ್ವಾ, ಅಲ್ಲೇ ಅವರ ಇಂಗ್ ಕೂರುತ್ತದೆ. ಸೇದಲು ಬಿಟ್ಟ ಅಂದರೆ ಯಾರಿಗೋ ಸೇದೋಕೆ ಅವಕಾಶ ಕೊಟ್ಟ ಅಂತಾಗುತ್ತದೆ!

ಇನ್ನೊಂದು ತಪ್ಪು, ಇದು ನಮ್ಮ ದೇಶದಲ್ಲೆಲ್ಲ ಇದೆ: ಕೋಪ್ ಅಪ್ ವಿತ್. ಸರಿಯಾದದ್ದು ಬರೀ ಕೋಪ್ ವಿತ್. ಅಪ್‌ಗೆ ‘ಪೂರ್ತಿ’ ಅನ್ನುವ ರುಚಿ ಇದೆ ಅಂತ ನಮ್ಮ ನಾಲಿಗೆಗೆ ಗೊತ್ತಾಗಿಬಿಟ್ಟಿದೆ, ಅದಕ್ಕೇ ಬೇಡದ ಕಡೆಯೂ ಒಂದು ಚಮಚ ಹಾಕುತ್ತೇವೆ ಅಂತ ನನ್ನ ಅನುಮಾನ. ತಪ್ಪು ತಪ್ಪೇ. ಆದರೆ ಕಿವಿ ಕೆಲಸ ಮಾಡುತ್ತಿದೆ ಅನ್ನೋದಕ್ಕೂ ಗುರುತು.

ಆಫ್ ಕಡೆ ತಿರುಗೋಣ. ಇದು ಅಪ್‌ಗಿಂತ ತುಂಟ. ಇದರ ಮೂಲ ಅರ್ಥ ‘ದೂರ, ಬಿಟ್ಟು’. ಇಂಗ್ಲಿಷಿನ ಓಎಫ್ ‘ಆಫ್’ ಮತ್ತು ಓಡಬಲ್‌ಎಫ್ ‘ಆಫ್’ ಎರಡೂ ಹಿಂದೆ ಒಂದೇ ಪದವಾಗಿದ್ದವು. ಒತ್ತಿ ಹೇಳಿದ್ದು ಒಂದು ರೂಪವಾಯಿತು, ಒತ್ತದೆ ಹೇಳಿದ್ದು ಇನ್ನೊಂದಾಯಿತು. ಟೋಪಿ ತಲೆಯಿಂದ ದೂರವಾದರೆ ಟೇಕ್ ಆಫ್. ವಿಮಾನ ನೆಲ ಬಿಟ್ಟರೂ ಟೇಕ್ ಆಫ್. ಲೈಟ್ ಆಫ್ ಅಂದರೆ ಕರೆಂಟಿನ ಸಂಪರ್ಕ ಬಿಟ್ಟುಹೋಯಿತು ಅಂತ. ನಾವು ಮನೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುವುದು ಈ ಕೊನೆಯದನ್ನು, ಅದಕ್ಕೇ ಅದೊಂದೇ ಅರ್ಥ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ.

ಪುಟ್ ಆಫ್ ಅಂದರೆ ಇವತ್ತಿನಿಂದ ತೆಗೆದು ದೂರ ಇಡು. ದೂರ ಇಟ್ಟದ್ದು ಎಲ್ಲೂ ಹೋಗಿಲ್ಲ, ಅಲ್ಲೇ ಇದೆ, ಆಮೇಲೆ ಸಿಗುತ್ತದೆ. ಪೂರ್ತಿ ರದ್ದಾಗಿದ್ದರೆ ಅವರು ಕಾಲ್ ಆಫ್ ಅನ್ನುತ್ತಿದ್ದರು. ಅಟ್ಟಿಸಿಕೊಂಡು ಬರುವ ನಾಯಿಯನ್ನು ಯಜಮಾನ ಕೂಗಿ ವಾಪಸ್ ಕರೆಸಿಕೊಂಡರೂ ಕಾಲ್ ಆಫ್. ನಾಯಿ ಹಿಂದಕ್ಕೆ ಹೋಯಿತು, ಕಥೆ ಮುಗಿಯಿತು. ಮೀಟಿಂಗ್ ಪುಟ್ ಆಫ್ ಆದರೆ ಡೈರಿಯಲ್ಲಿ ಬೇರೆ ದಿನ ಬರೆದುಕೊಳ್ಳಿ. ಕಾಲ್ ಆಫ್ ಆದರೆ ಗೀಟು ಹೊಡೆಯಿರಿ. ನನ್ನ ಹುಡುಗನಿಗೆ ಬೇಕಾಗಿದ್ದುದು ಇಷ್ಟೇ.

ಪುಟ್ ಆಫ್‌ನಲ್ಲಿ ನಡುವೆ ಯಾರು ಕೂತಿದ್ದಾರೆ ಅನ್ನೋದನ್ನೂ ನೋಡಬೇಕು. ಕೆಲಸವನ್ನು ಪುಟ್ ಆಫ್ ಮಾಡಿದರೆ ಮುಂದೂಡಿದ ಹಾಗೆ. ಮನುಷ್ಯನನ್ನು ಪುಟ್ ಆಫ್ ಮಾಡಿದರೆ? ‘ಅವನು ಸಾಲ ಕೇಳೋಕೆ ಬಂದಾಗಲೆಲ್ಲ ಐ ಪುಟ್ ಹಿಮ್ ಆಫ್’ ಅಂದರೆ ಏನೋ ನೆಪ ಹೇಳಿ ಸಾಗಹಾಕಿದೆ. ಇನ್ನು ವಾಸನೆಯೋ ಮಾತೋ ಮನುಷ್ಯನನ್ನು ಪುಟ್ ಆಫ್ ಮಾಡಿದರೆ ಮನಸ್ಸು ಮುರಿಯಿತು, ಬೇಡ ಅನ್ನಿಸಿತು ಅಂತ. ‘ದ ಸ್ಮೆಲ್ ಪುಟ್ ಮೀ ಆಫ್’. ಮೂರರಲ್ಲೂ ‘ದೂರ’ ಇದೆ, ಏನು ಯಾವುದರಿಂದ ದೂರವಾಯಿತು ಅನ್ನೋದು ಮಾತ್ರ ಬೇರೆ.

ದಿಕ್ಕಿನ ವಿಷಯ ಬಂತಲ್ಲ, ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ನಾವು ಕನ್ನಡದಲ್ಲಿ ಮದುವೆಯನ್ನು ಮುಂದಕ್ಕೆ ಹಾಕಿದರು ಅಂದರೆ ತಡವಾಗಿ ಅಂತ ಅರ್ಥ. ಅದನ್ನೇ ಇಂಗ್ಲಿಷಿಗೆ ಎತ್ತಿಕೊಂಡು ‘ಬ್ರಿಂಗ್ ಫಾರ್ವರ್ಡ್’ ಅಂದರೆ ಪೂರ್ತಿ ಉಲ್ಟಾ. ಅವರಿಗೆ ಬ್ರಿಂಗ್ ಫಾರ್ವರ್ಡ್ ಅಂದರೆ ಬೇಗ ಮಾಡುವುದು, ನಮ್ಮ ದೇಶದ ಇಂಗ್ಲಿಷಿನ ಪ್ರೀಪೋನ್. ಹದಿನೈದಕ್ಕೆ ಇದ್ದದ್ದು ಹತ್ತಕ್ಕೆ ಬರುತ್ತದೆ. ನಾವು ಇಪ್ಪತ್ತಕ್ಕೆ ಹೋಗಿ ನಿಂತಿರುತ್ತೇವೆ.

ಆಫ್‌ನ ಅತಿ ದೊಡ್ಡ ಕಿತಾಪತಿ ನನಗೆ ಗೊತ್ತಾಗಿದ್ದು ನನ್ನ ತಂಗಿಯ ಮಗಳಿಂದ. ಅವಳು ಬೆಂಗಳೂರಿನ ಒಂದು ಆಫೀಸಿನಲ್ಲಿ ಹೊಸದಾಗಿ ಸೇರಿದ್ದಳು. ಲಿಫ್ಟ್ ಪಕ್ಕ ಒಂದು ಬೋರ್ಡು: ‘ವೆನ್ ದ ಅಲಾರ್ಮ್ ಗೋಸ್ ಆಫ್, ಲೀವ್ ದ ಬಿಲ್ಡಿಂಗ್.’ ಅವಳು ಅದನ್ನು ಓದಿ, ಅಲಾರ್ಮ್ ನಿಂತ ಮೇಲೆ ಹೊರಗೆ ಹೋಗಬೇಕು ಅಂದುಕೊಂಡಳು. ಬೆಂಕಿ ಬಿದ್ದಾಗ ನೂಕುನುಗ್ಗಲು ಬೇಡ, ಗಂಟೆ ನಿಂತ ಮೇಲೆ ಸಾವಕಾಶವಾಗಿ ಹೋಗಿ ಅಂತ ಇರಬೇಕು ಅಂತ ತರ್ಕ ಬೇರೆ ಮಾಡಿಕೊಂಡಳು. ಪುಣ್ಯಕ್ಕೆ ಮೊದಲು ಬಂದದ್ದು ಡ್ರಿಲ್. ಎಲ್ಲರೂ ಮೆಟ್ಟಿಲಿಳಿದು ಓಡುತ್ತಿದ್ದರೆ ಇವಳು ಕುರ್ಚಿಯಲ್ಲಿ ಕೂತು ಗಂಟೆ ನಿಲ್ಲುವುದನ್ನು ಕಾಯುತ್ತಿದ್ದಳು.

ಗೋ ಆಫ್ ಅಂದರೆ ಅಲಾರ್ಮ್ ವಿಷಯದಲ್ಲಿ ಹೊಡೆದುಕೊಳ್ಳುವುದು. ನಿಲ್ಲುವುದಲ್ಲ. ಯಾಕೆ? ಬಂದೂಕು ನೆನೆಸಿಕೊಳ್ಳಿ. ಕುದುರೆ ಎಳೆದರೆ ಗುಂಡು ಬಂದೂಕು ಬಿಟ್ಟು ಹೊರಟುಹೋಗುತ್ತದೆ. ‘ದ ಗನ್ ವೆಂಟ್ ಆಫ್’. ಹಿಡಿದಿಟ್ಟದ್ದು ಬಿಡುಗಡೆಯಾಯಿತು. ಬಾಂಬಿಗೂ ಇದೇ ಮಾತು, ಅಲಾರ್ಮಿಗೂ ಇದೇ. ನಾವೂ ‘ಪಟಾಕಿ ಹಾರಿತು’ ಅನ್ನುತ್ತೇವೆ. ಈಗ ಇದನ್ನು ಕೇಳಿ: ‘ದ ಅಲಾರ್ಮ್ ವೆಂಟ್ ಆಫ್, ಸೋ ಐ ಟರ್ನ್ಡ್ ಇಟ್ ಆಫ್.’ ಅಲಾರ್ಮ್ ಹೊಡೆಯಿತು, ಅದಕ್ಕೆ ನಿಲ್ಲಿಸಿದೆ. ಒಂದೇ ವಾಕ್ಯ, ಒಂದೇ ಬಾಲ, ಒಂದು ಕಡೆ ಶುರು, ಇನ್ನೊಂದು ಕಡೆ ಬಂದ್. ಹಾಲು ಗೋ ಆಫ್ ಆದರೆ ಬ್ರಿಟನ್ನಿನಲ್ಲಿ ಕೆಟ್ಟಿತು ಅಂತ ಅರ್ಥ. ಲೈಟು ಗೋ ಆಫ್ ಆದರೆ ಕರೆಂಟು ಹೋಯಿತು. ಬಾಲದ ಅರ್ಥ ತಿಳಿದುಕೊಂಡರೆ ಎಲ್ಲ ಬಗೆಹರಿಯುತ್ತದೆ ಅಂತ ನಾನು ಹೇಳುತ್ತಿಲ್ಲ ಅನ್ನೋದು ಈಗ ಗೊತ್ತಾಯಿತಲ್ಲ. ಮುಂದೆ ಯಾವ ಕ್ರಿಯಾಪದ ಇದೆ, ಯಾವ ವಸ್ತುವಿನ ಬಗ್ಗೆ ಮಾತು, ಎರಡನ್ನೂ ನೋಡಲೇಬೇಕು.

ಲುಕ್ ಇನ್‌ಟು ನಮಗೆ ಚೆನ್ನಾಗಿ ಪರಿಚಯ. ಕಚೇರಿಗೆ ಅರ್ಜಿ ಬರೆದವರೆಲ್ಲ ‘ಕೈಂಡ್ಲಿ ಲುಕ್ ಇನ್‌ಟು ದ ಮ್ಯಾಟರ್ ಅಂಡ್ ಡೂ ದ ನೀಡ್‌ಫುಲ್’ ಅಂತ ಬರೆದೇ ಇರುತ್ತೀರಿ. ಇನ್‌ಟು ಅಂದರೆ ಒಳಕ್ಕೆ. ನಾವೂ ವಿಷಯದ ಒಳಹೊಕ್ಕು ನೋಡುತ್ತೇವೆ, ಹಾಗಾಗಿ ಅರ್ಥ ಕಷ್ಟವಿಲ್ಲ. ಒಂದು ಮಾತು ಮಾತ್ರ ಗಮನಿಸಿ. ಲುಕ್ ಇನ್‌ಟು ಅಂದರೆ ವಿಚಾರಿಸುವುದು, ಅಷ್ಟೇ. ಸರಿ ಮಾಡಿಕೊಡುವುದು ಅದರಲ್ಲಿಲ್ಲ. ‘ವೀ ಆರ್ ಲುಕಿಂಗ್ ಇನ್‌ಟು ಇಟ್’ ಅಂತ ಉತ್ತರ ಬಂದರೆ ಕೆಲಸ ಆಯಿತು ಅಂತ ಸಿಹಿ ಹಂಚಬೇಡಿ. ನಮ್ಮ ‘ನೋಡೋಣ’ಕ್ಕಿಂತ ಅದು ಒಂದು ಗೇಣು ಮುಂದಿದೆ, ಹೆಚ್ಚಿಲ್ಲ.

ಲುಕ್ ಇನ್‌ಟು ನನಗೆ ಬೇಕಾಗಿರುವುದು ಇನ್ನೊಂದು ಕಾರಣಕ್ಕೆ. ಅದರ ಬಾಲ ಪುಟ್ ಆಫ್‌ನ ಬಾಲದಂಥದ್ದಲ್ಲ. ಇದನ್ನು ಪತ್ತೆ ಮಾಡೋಕೆ ಒಂದು ಪುಟ್ಟ ಪರೀಕ್ಷೆ ಇದೆ, ‘ಇಟ್’ ಪರೀಕ್ಷೆ. ‘ಪುಟ್ ಆಫ್ ದ ಮೀಟಿಂಗ್’ ಅನ್ನಬಹುದು. ‘ಪುಟ್ ದ ಮೀಟಿಂಗ್ ಆಫ್’ ಅಂತಲೂ ಅನ್ನಬಹುದು. ಮೀಟಿಂಗ್ ತೆಗೆದು ಇಟ್ ಹಾಕಿದರೆ? ‘ಪುಟ್ ಇಟ್ ಆಫ್’ ಒಂದೇ ಸರಿ. ‘ಪುಟ್ ಆಫ್ ಇಟ್’ ಅಂದರೆ ಇಂಗ್ಲಿಷ್ ಮನೆಮಾತಿನವರ ಕಿವಿಗೆ ಕಲ್ಲು ಕಡಿದ ಹಾಗೆ. ಗಿವ್ ಅಪ್‌ಗೂ ‘ಗಿವ್ ಇಟ್ ಅಪ್’. ಆದರೆ ಲುಕ್ ಇನ್‌ಟುಗೆ ಸರಿಯಾಗಿ ಉಲ್ಟಾ: ‘ಲುಕ್ ಇನ್‌ಟು ಇಟ್’ ಸರಿ, ‘ಲುಕ್ ಇಟ್ ಇನ್‌ಟು’ ಯಾವ ಕಾಲಕ್ಕೂ ಇಲ್ಲ.

ಯಾಕೆ ಹೀಗೆ? ಪುಟ್ ಆಫ್‌ನಲ್ಲಿ ಬಾಲ ಅಂಟಿರುವುದು ಕ್ರಿಯಾಪದಕ್ಕೆ. ಲುಕ್ ಇನ್‌ಟುನಲ್ಲಿ ಇನ್‌ಟು ಅಂಟಿರುವುದು ಮುಂದೆ ಬರುವ ವಿಷಯಕ್ಕೆ. ಕನ್ನಡದಲ್ಲಿ ‘ವಿಷಯದೊಳಕ್ಕೆ’ ಅನ್ನುವಾಗ ‘ಒಳಕ್ಕೆ’ಯನ್ನು ವಿಷಯದಿಂದ ಬಿಡಿಸಿ ಬೇರೆ ಕಡೆ ಇಡೋಕಾಗುತ್ತಾ? ಅವರಿಗೂ ಆಗಲ್ಲ.

ಬೋರ್ಡಿನ ಮೇಲೆ ಎರಡು ವಾಕ್ಯ ಬರೆದು ತೋರಿಸುತ್ತೇನೆ, ಪ್ರತಿ ವರ್ಷ ತೋರಿಸುತ್ತೇನೆ. ‘ಹೀ ರ‍್ಯಾನ್ ಅಪ್ ಎ ಹಿಲ್.’ ‘ಹೀ ರ‍್ಯಾನ್ ಅಪ್ ಎ ಬಿಲ್.’ ಮೊದಲನೆಯವನು ಗುಡ್ಡ ಹತ್ತಿ ಓಡಿದ. ಎರಡನೆಯವನು ಹೋಟೆಲಿನಲ್ಲಿ ಬಿಲ್ ಬೆಳೆಸಿದ. ಒಂದೇ ಅಕ್ಷರ ವ್ಯತ್ಯಾಸ. ಈಗ ಇಟ್ ಹಾಕಿ. ಗುಡ್ಡಕ್ಕೆ ‘ರ‍್ಯಾನ್ ಅಪ್ ಇಟ್’. ಬಿಲ್ಲಿಗೆ ‘ರ‍್ಯಾನ್ ಇಟ್ ಅಪ್’. ಗುಡ್ಡದ ಅಪ್ ನಿಜವಾದ ಮೇಲೆ, ಗುಡ್ಡಕ್ಕೆ ಸೇರಿದ್ದು. ಬಿಲ್ಲಿನ ಅಪ್ ಕ್ರಿಯಾಪದದ ಬಾಲ. ಡಿಕ್ಷನರಿಯಲ್ಲಿ ಪದ ನೋಡು ಅನ್ನೋದಕ್ಕೆ ‘ಲುಕ್ ಇಟ್ ಅಪ್’ ಅಂತಾರಲ್ಲ, ಅದೂ ಬಿಲ್ಲಿನ ಜಾತಿ.

ಕಿವಿಯಿಂದಲೂ ಹಿಡಿಯಬಹುದು. ‘ಲುಕ್ ಇಟ್ ಅಪ್’ ಅನ್ನುವಾಗ ಒತ್ತು ಬೀಳುವುದು ಕೊನೆಯ ಅಪ್ ಮೇಲೆ. ‘ಲುಕ್ ಇನ್‌ಟು ಇಟ್’ ಅನ್ನುವಾಗ ಒತ್ತು ಲುಕ್ ಮೇಲೆ, ಇನ್‌ಟು ಮೆಲ್ಲಗೆ ಸರಿದುಹೋಗುತ್ತದೆ. ನ್ಯೂಸ್ ಕೇಳುವಾಗ ಒಂದು ವಾರ ಇದೊಂದನ್ನೇ ಗಮನಿಸಿ ನೋಡಿ.

ಈ ಬಾಲದ ಕಾಟ ನಮಗೊಬ್ಬರಿಗೇ ಅಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಇಂಗ್ಲಿಷ್ ನಿಘಂಟು ಹೊರತಂದಾಗ ಮುನ್ನುಡಿಯಲ್ಲೇ ಇದನ್ನು ಹೇಳಿದ್ದಾನೆ. ಕ್ರಿಯಾಪದದ ಹಿಂದೆ ಚಿಕ್ಕ ಪದ ಸೇರಿಸಿ ಅರ್ಥ ಬದಲಿಸುವುದು ನಮ್ಮ ಭಾಷೆಯಲ್ಲಿ ಜಾಸ್ತಿ, ಹೊರಗಿನವರಿಗೆ ಅತಿ ಹೆಚ್ಚು ತೊಡಕಾಗುವುದು ಇದೇ, ಅದಕ್ಕೇ ಇವನ್ನು ಜತನದಿಂದ ಗುರುತಿಸಿದ್ದೇನೆ ಅಂತ. ಅವನು ಕೊಟ್ಟ ಉದಾಹರಣೆಗಳಲ್ಲಿ ಸೆಟ್ ಔಟ್, ಅಂದರೆ ಪ್ರಯಾಣ ಹೊರಡು, ಇವತ್ತಿಗೂ ಹಾಗೇ ಇದೆ. ಫಾಲ್ ಆಫ್‌ಗೆ ಅವನು ಕೊಟ್ಟ ಅರ್ಥ ಧರ್ಮ ಬಿಟ್ಟುಹೋಗು ಅಂತ. ಇವತ್ತು ಫಾಲ್ ಆಫ್ ಅಂದರೆ ಸೈಕಲ್ಲಿನಿಂದ ಬಿದ್ದ, ಇಲ್ಲವೇ ವ್ಯಾಪಾರ ಇಳಿಯಿತು ಅಂದುಕೊಳ್ಳುತ್ತಾರೆ. ಬಾಲಕ್ಕೂ ವಯಸ್ಸಾಗುತ್ತದೆ. ಫ್ರೇಸಲ್ ವರ್ಬ್ ಅನ್ನುವ ಹೆಸರು ಮಾತ್ರ ಬಹಳ ತಡವಾಗಿ ಬಂತು. ಲೋಗನ್ ಪಿಯರ್ಸಾಲ್ ಸ್ಮಿತ್ ಅನ್ನುವ ಲೇಖಕ 1925ರಲ್ಲಿ ಅದನ್ನು ಬಳಸಿ, ಈ ಹೆಸರು ಸೂಚಿಸಿದ್ದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಅಂದ.

ಇನ್ನೂ ಹಿಂದಕ್ಕೆ ಹೋದರೆ ಬಾಲ ಬಾಲವೇ ಆಗಿರಲಿಲ್ಲ, ಹೆಚ್ಚಾಗಿ ತಲೆಯಾಗಿತ್ತು. ಹಳೆಯ ಇಂಗ್ಲಿಷಿನಲ್ಲಿ ಇಂಥ ಚಿಕ್ಕ ಪದಗಳು ಕ್ರಿಯಾಪದದ ಮುಂದೆ ಅಂಟಿಕೊಳ್ಳುತ್ತಿದ್ದವು. ಅಂಡರ್‌ಸ್ಟ್ಯಾಂಡ್, ಫರ್ಗಿವ್, ವಿತ್‌ಸ್ಟ್ಯಾಂಡ್ ಆ ಕಾಲದಿಂದ ಉಳಿದವು. ಆಮೇಲೆ ನಿಧಾನಕ್ಕೆ ಹಿಂದೆ ನಿಲ್ಲಿಸುವ ಪದ್ಧತಿ ಬೆಳೆಯಿತು. ಜರ್ಮನ್ ಭಾಷೆಯಲ್ಲಿ ಎರಡೂ ಇವತ್ತೂ ಜೀವಂತ. ಗಿವ್ ಅಪ್‌ಗೆ ಅವರ ಪದ ಔಫ್‌ಗೇಬನ್, ಅಲ್ಲಿ ‘ಔಫ್’ ಅಂದರೆ ಇಂಗ್ಲಿಷಿನ ಅಪ್, ‘ಗೇಬನ್’ ಅಂದರೆ ಕೊಡು. ಆದರೆ ‘ನಾನು ಸೋತೆ’ ಅನ್ನುವಾಗ ‘ಇಶ್ ಗೇಬ ಔಫ್’. ತಲೆ ಕಳಚಿಕೊಂಡು ಬಾಲವಾಗಿ ನಿಲ್ಲುತ್ತದೆ.

ಇಂಥದ್ದು ನಮಗೆ ಪರಿಚಯವಿಲ್ಲದ್ದೇನಲ್ಲ. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ. ಐದನ್ನೂ ನಾವು ಕನ್ನಡದಲ್ಲಿ ಬಳಸುತ್ತೇವೆ, ಐದರಲ್ಲೂ ಧಾತು ಒಂದೇ. ಮುಂದಿರುವ ಉಪಸರ್ಗ ಬದಲಾದದ್ದಕ್ಕೆ ಒಂದು ಊಟವಾಯಿತು, ಒಂದು ಕೊಲೆಯಾಯಿತು. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆ ಕಡೆ ಎಳೆದೊಯ್ಯುತ್ತದೆ ಅಂತ ಸಂಸ್ಕೃತ ಕಲಿಯುವವರಿಗೆ ಹೇಳಿಕೊಡುವ ಶ್ಲೋಕವೇ ಇದೆ. ತಮಾಷೆ ಏನು ಗೊತ್ತಾ? ವೇದದ ಭಾಷೆಯಲ್ಲಿ ಈ ಉಪಸರ್ಗಗಳು ಕ್ರಿಯಾಪದದಿಂದ ದೂರ, ನಡುವೆ ಬೇರೆ ಪದ ಬಿಟ್ಟುಕೊಂಡು ನಿಲ್ಲಬಹುದಿತ್ತು. ಆಮೇಲೆ ಬಂದು ಅಂಟಿಕೊಂಡವು. ಇಂಗ್ಲಿಷಿನಲ್ಲಿ ಅಂಟಿಕೊಂಡಿದ್ದವು ಬಿಡಿಸಿಕೊಂಡು ಹಿಂದೆ ಹೋದವು. ಎರಡು ರೈಲು ಎದುರುಬದುರು ಹೋದ ಹಾಗೆ.

ಅಂಟಿದ್ದೂ ಬಿಟ್ಟದ್ದೂ ಒಂದೇ ಅಂತ ಮಾತ್ರ ಅಂದುಕೊಳ್ಳಬೇಡಿ. ಲುಕ್ ಓವರ್ ಅಂದರೆ ಒಮ್ಮೆ ಕಣ್ಣಾಡಿಸು. ಅದೇ ಓವರ್ ಮುಂದೆ ಹೋಗಿ ಓವರ್‌ಲುಕ್ ಆದರೆ ಕಣ್ತಪ್ಪಿ ಬಿಟ್ಟುಹೋಯಿತು. ‘ಪ್ಲೀಸ್ ಲುಕ್ ಓವರ್ ಮೈ ಮಿಸ್ಟೇಕ್ಸ್’ ಅಂದರೆ ನನ್ನ ತಪ್ಪುಗಳನ್ನು ನೋಡಿ. ‘ಪ್ಲೀಸ್ ಓವರ್‌ಲುಕ್ ಮೈ ಮಿಸ್ಟೇಕ್ಸ್’ ಅಂದರೆ ನೋಡಿಯೂ ನೋಡದ ಹಾಗಿರಿ. ನನ್ನ ವಿದ್ಯಾರ್ಥಿಗಳಿಗೆ ಬೇಕಾಗಿರುವುದು ಎರಡನೆಯದು.

ಹಾಗಾದರೆ ಕಲಿಯೋದು ಹೇಗೆ? ನೂರು ಫ್ರೇಸಲ್ ವರ್ಬ್‌ಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸುವವರನ್ನು ನೋಡಿದ್ದೇನೆ. ಅದರಲ್ಲೂ ಗೆಟ್ ಅಪ್, ಗೆಟ್ ಆಫ್, ಗೆಟ್ ಇನ್, ಗೆಟ್ ಔಟ್ ಅಂತ ಒಂದೇ ಕ್ರಿಯಾಪದವನ್ನು ಒಟ್ಟಿಗೆ ಹಾಕುತ್ತಾರೆ. ಎರಡನೇ ದಿನ ಎಲ್ಲ ಕಲಸುಮೇಲೋಗರ. ನಾನು ಮಾಡಿಸುವುದು ಬೇರೆ. ನೋಟ್‌ಬುಕ್ಕಿನಲ್ಲಿ ಪದ ಬರೆಯುವಾಗ ಬರೀ ಪುಟ್ ಆಫ್ ಅಂತ ಬರೆಯಬೇಡಿ. ‘ಪುಟ್ ಇಟ್ ಆಫ್’ ಅಂತ ಬರೆಯಿರಿ. ‘ಲುಕ್ ಇನ್‌ಟು ಇಟ್’ ಅಂತ ಬರೆಯಿರಿ. ಇಟ್ ಎಲ್ಲಿ ಕೂರುತ್ತದೆ ಅನ್ನೋದು ಪದದ ಜೊತೆಗೇ ಬಂದುಬಿಡುತ್ತದೆ. ಆಮೇಲೆ ಪಕ್ಕದಲ್ಲಿ ನೀವು ನಿಜವಾಗಿ ಏನನ್ನು ಮುಂದೂಡುತ್ತೀರೋ ಅದನ್ನು ಬರೆಯಿರಿ. ಒಬ್ಬ ಹುಡುಗಿ ‘ಹಲ್ಲಿನ ಡಾಕ್ಟರ್’ ಅಂತ ಬರೆದಿದ್ದಳು. ಅವಳು ಆ ಪದ ಮರೆತಿಲ್ಲ. ಡಾಕ್ಟರ ಹತ್ತಿರ ಹೋದಳೋ ಇಲ್ಲವೋ ಗೊತ್ತಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಎದ್ದು ಕೇಳಿದರು, ‘ಪುಟ್ ಆಫ್ ದ ಲೈಟ್ ಅಂತ ನಾವು ಜೀವಮಾನವೆಲ್ಲ ಹೇಳಿದ್ದೀವಲ್ಲ ಮೇಷ್ಟ್ರೇ, ತಪ್ಪಾ?’ ತಪ್ಪಲ್ಲ. ಹಿಂದಿನ ಬ್ರಿಟಿಷ್ ಬಳಕೆಯಲ್ಲಿ ಅದಿತ್ತು, ನಮ್ಮಲ್ಲಿ ಉಳಿದುಕೊಂಡಿದೆ. ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಈಗ ಅಲ್ಲಿನವರು ಹೆಚ್ಚಾಗಿ ಟರ್ನ್ ಆಫ್, ಸ್ವಿಚ್ ಆಫ್ ಅನ್ನುತ್ತಾರೆ. ಮೇಣದಬತ್ತಿಗೋ ಒಲೆಯ ಬೆಂಕಿಗೋ ಆದರೆ ಪುಟ್ ಔಟ್, ಆರಿಸು ಅಂತ.

ಅವರ ಪಕ್ಕದಲ್ಲಿದ್ದ ಅಜ್ಜಿಗೆ ಅದು ಸರಿಬರಲಿಲ್ಲ. ‘ದೇವರ ದೀಪಕ್ಕೆ ಆರಿಸು ಅನ್ನಬಾರದಪ್ಪ,’ ಅಂದರು, ‘ಶಾಂತ ಮಾಡು ಅನ್ನಬೇಕು.’ ಅದಕ್ಕೆ ಇಂಗ್ಲಿಷಿನಲ್ಲಿ ಯಾವ ಬಾಲ ಹಾಕುತ್ತಾರೆ ಅಂತ ನನ್ನನ್ನೇ ಕೇಳಿದರು. ನಾನು ‘ಐ ಗಿವ್ ಅಪ್’ ಅಂದೆ.